45 ಚದರ ಅಡಿ ಕಲ್ಲು ತಂದರೂ ಸಾಲದ ಅಡುಗೆ ಕಟ್ಟೆ

ಗ್ರಾನೈಟ್ ಅಂಗಡಿಯಲ್ಲಿ ಕಲ್ಲಿನ ಬೆಲೆ ಹೇಳುವುದು ಚದರ ಅಡಿಗೆ. ಅಡುಗೆ ಕಟ್ಟೆಯನ್ನು ಮೇಸ್ತ್ರಿ ಅಳೆಯುವುದು ರನ್ನಿಂಗ್ ಅಡಿಯಲ್ಲಿ. ಆದರೆ ಕಲ್ಲು ಸಿಗುವುದು ಇಡೀ ಸ್ಲ್ಯಾಬ್ ಆಗಿ. ಈ ಮೂರು ಲೆಕ್ಕಗಳ ನಡುವೆಯೇ ಮನೆ ಕಟ್ಟುವವರ ದುಡ್ಡು ಸೋರುವುದು. ಮೊದಲೆರಡನ್ನು ಗುಣಿಸಿ, ಮೇಲೆ ನೂರಕ್ಕೆ ಹತ್ತು ವೇಸ್ಟೇಜ್ ಸೇರಿಸಿ ಅಂಗಡಿಗೆ ಹೋದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಸಾಲದು. ವೇಸ್ಟೇಜ್ ಎಷ್ಟೆಂದು ನಿರ್ಧರಿಸುವುದು ಸ್ಲ್ಯಾಬಿನ ಉದ್ದ, ಅಗಲ.

ಎಲ್ ಆಕಾರದ ಒಂದು ಅಡುಗೆಮನೆಯನ್ನು ತೆಗೆದುಕೊಳ್ಳೋಣ. ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. ಎರಡೂ ಪ್ಲಾಸ್ಟರ್ ಆದ ಮೇಲಿನ ಅಳತೆ. ಅದಕ್ಕೂ ಮೊದಲು ಅಳೆದ ಅಳತೆಯನ್ನು ಕಲ್ಲಿಗೆ ನಂಬಬಾರದು. ಕಟ್ಟೆಯ ಅಗಲ 25 ಇಂಚು: ಕೆಳಗಿನ ಕಪಾಟಿಗೆ ಸುಮಾರು ಎರಡು ಅಡಿ, ನೀರು ಬಾಗಿಲ ಮೇಲೆ ಇಳಿಯದಂತೆ ಮುಂದಕ್ಕೆ ಒಂದು ಇಂಚು. ಹತ್ತು ಅಡಿಯ ಕಟ್ಟೆ ಒಂದು ತುದಿಯಲ್ಲಿ ಗೋಡೆಗೆ ತಾಗಿ ನಿಲ್ಲುತ್ತದೆ, ಎಂಟು ಅಡಿಯದರ ತುದಿ ಬಾಗಿಲ ಕಡೆ ತೆರೆದಿದೆ.

ಹತ್ತಕ್ಕೆ ಎಂಟು ಕೂಡಿಸಿ ಹದಿನೆಂಟು ಅಡಿ ಎಂದರೆ ಮೂಲೆಯ ಚೌಕವನ್ನು ಎರಡು ಸಲ ಎಣಿಸಿದ ಹಾಗೆ. ಆ ಚೌಕವೊಂದೇ ನಾಲ್ಕು ಚದರ ಅಡಿಗೂ ಹೆಚ್ಚು. ಒಂದು ಕಟ್ಟೆ ಮೂಲೆಯವರೆಗೆ ಪೂರ್ತಿ ಹೋಗುತ್ತದೆ, ಇನ್ನೊಂದು ಅದಕ್ಕೆ ಬಂದು ತಾಗುತ್ತದೆ; ಹಾಗಾಗಿ ಎರಡನೆಯದರಲ್ಲಿ 25 ಇಂಚು ಕಳೆಯಬೇಕು. ಆಗ ಕಟ್ಟೆಯ ಮೇಲ್ಮೈ ಸುಮಾರು 33 ಚದರ ಅಡಿ. ಸ್ಕರ್ಟಿಂಗ್ ವಿಷಯದಲ್ಲಿ ಮಾತ್ರ ಮೂಲೆಯನ್ನು ಕಳೆಯುವಂತಿಲ್ಲ, ಅದು ಎರಡೂ ಗೋಡೆಯ ಪೂರ್ತಿ ಉದ್ದಕ್ಕೆ ಬೇಕು: 18 ಅಡಿ ಉದ್ದ, ನಾಲ್ಕು ಇಂಚು ಎತ್ತರ, ಅಂದರೆ 6 ಚದರ ಅಡಿ. ಕಟ್ಟೆಯ ಮುಂಭಾಗ ದಪ್ಪ ಕಾಣಲೆಂದು ಅಂಚಿನ ಕೆಳಗೆ ಎರಡು ಇಂಚಿನ ಪಟ್ಟಿ ಅಂಟಿಸುತ್ತಾರಲ್ಲ, ಅದು ತೆರೆದ ತುದಿಯೂ ಸೇರಿ 16 ಅಡಿ, ಮೂರು ಚದರ ಅಡಿಯೊಳಗೆ. ಎಲ್ಲ ಸೇರಿ ಸುಮಾರು 42 ಚದರ ಅಡಿ.

ಸಿಂಕಿನ ಜಾಗವನ್ನು ಇದರಲ್ಲಿ ಕಳೆಯಬೇಡಿ. ಎರಡು ಅಡಿಗೆ ಒಂದೂವರೆ ಅಡಿ ಸಿಂಕಿಗೆ ಮೂರು ಚದರ ಅಡಿ ಕಲ್ಲು ಕತ್ತರಿಸಿ ಹೋಗುವುದೇನೋ ನಿಜ. ಆದರೆ ಆ ತುಂಡು ನಿಮ್ಮ ಸ್ಲ್ಯಾಬಿನೊಳಗಿಂದಲೇ ಬರಬೇಕು, ಅದಕ್ಕೂ ನೀವೇ ದುಡ್ಡು ಕೊಟ್ಟಿರುತ್ತೀರಿ.

ಈಗ ಅಂಗಡಿಗೆ ಹೋಗೋಣ. ಜಿಗಣಿಯ ಯಾರ್ಡುಗಳಿಗೆ ಹೋದವರು ನೋಡಿರುತ್ತಾರೆ, ಒಂದೇ ಬಣ್ಣದ ಕಲ್ಲು ಹಲವು ಅಳತೆಗಳಲ್ಲಿ ಒರಗಿ ನಿಂತಿರುತ್ತದೆ. ನಿಮಗೆ ಹಿಡಿಸಿದ ಕಲ್ಲು 9 ಅಡಿ ಉದ್ದದ್ದು, ಅಗಲ ಎರಡೂವರೆ ಅಡಿಯದೂ ಇದೆ, ಮೂರು ಅಡಿಯದೂ ಇದೆ ಎಂದುಕೊಳ್ಳಿ.

ಎರಡೂವರೆ ಅಡಿಯ ಎರಡು ಸ್ಲ್ಯಾಬು ಎಂದರೆ 45 ಚದರ ಅಡಿ. ಬೇಕಿರುವುದು 42. ಕಾಗದದ ಮೇಲೆ ಮೂರು ಅಡಿ ಮಿಗಬೇಕು. ಆದರೆ ಕತ್ತರಿಸಲು ಹೊರಟಾಗ ಮೊದಲ ತೊಡಕು: ಹತ್ತು ಅಡಿಯ ಕಟ್ಟೆಗೆ ಒಂಬತ್ತು ಅಡಿಯ ಕಲ್ಲು ಮುಟ್ಟುವುದಿಲ್ಲ. ಒಂದಡಿ ತುಂಡು ಜೋಡಿಸಿದರೆ ಜಾಯಿಂಟ್ ಕಣ್ಣಿಗೆ ರಾಚುತ್ತದೆ.

ಇದಕ್ಕೆ ಕಲ್ಲು ಬದಲಿಸುವುದೇ ಬೇಕಿಲ್ಲ. ಮೂಲೆಯನ್ನು ಎಂಟು ಅಡಿಯ ಕಟ್ಟೆಗೆ ಕೊಡಿ. ಆಗ ಆ ತುಂಡು ಪೂರ್ತಿ 8 ಅಡಿ, ಹತ್ತು ಅಡಿಯ ಕಟ್ಟೆ 25 ಇಂಚು ಕಡಿಮೆಯಾಗಿ 7 ಅಡಿ 11 ಇಂಚು. ಎರಡೂ ಒಂಬತ್ತು ಅಡಿಯ ಸ್ಲ್ಯಾಬಿನೊಳಗೆ ಕೂರುತ್ತವೆ, ಇಡೀ ಕಟ್ಟೆಗೆ ಮೂಲೆಯಲ್ಲಿ ಒಂದೇ ಜಾಯಿಂಟ್. ಚದರ ಅಡಿ ಒಂದಿಷ್ಟೂ ಬದಲಾಗಲಿಲ್ಲ. ಕಲ್ಲು ಆರಿಸುವ ಮೊದಲು ಮೇಸ್ತ್ರಿಯ ಹತ್ತಿರ ಕೂತು ಮಾತಾಡಬೇಕಾದ ವಿಷಯ ಇದೇ, ಆದರೆ ಬಹುತೇಕ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ.

ಎರಡನೇ ತೊಡಕು ಪಟ್ಟಿಗಳದು. ಮೂವತ್ತು ಇಂಚು ಅಗಲದಲ್ಲಿ ಕಟ್ಟೆಗೆ 25 ಹೋದರೆ ಉಳಿಯುವುದು ಐದು ಇಂಚು. ಬ್ಲೇಡು ಪ್ರತಿ ಸಲ ಮೂರು ನಾಲ್ಕು ಮಿಲಿಮೀಟರ್ ಕಲ್ಲನ್ನು ಪುಡಿ ಮಾಡುತ್ತದೆ. ಹಾಗಾಗಿ ಪ್ರತಿ ಸ್ಲ್ಯಾಬಿಗೆ ಒಂದೇ ಒಂದು ಸ್ಕರ್ಟಿಂಗ್ ಪಟ್ಟಿ. ಎರಡು ಪಟ್ಟಿ ಸೇರಿ ಸರಿಯಾಗಿ 18 ಅಡಿ, ಒಂದು ಇಂಚು ಸೀಳಿದರೂ ಮುಗಿಯಿತು. ಮುಂಭಾಗದ ಅಂಚಿನ ಪಟ್ಟಿಗೆ ಉಳಿಯುವುದು ಸ್ಲ್ಯಾಬಿನ ತುದಿಯ ಒಂದೊಂದು ಅಡಿಯ ತುಂಡುಗಳು ಮಾತ್ರ. ಅವುಗಳಿಂದ ಪಟ್ಟಿ ತೆಗೆಯಬಹುದು, ಆದರೆ ಎರಡೆರಡು ಅಡಿಗೆ ಒಂದು ಜಾಯಿಂಟ್ ಬರುತ್ತದೆ, ಅದೂ ಎಲ್ಲರ ಕಣ್ಣಿಗೆ ಬೀಳುವ ಮುಂಭಾಗದಲ್ಲಿ. ಕೊನೆಗೆ ಮೂರನೇ ಸ್ಲ್ಯಾಬಿಗೆ ಓಡಬೇಕು: 67.5 ಚದರ ಅಡಿಯ ಬಿಲ್ಲು.

ಮೂರು ಅಡಿ ಅಗಲದ ಎರಡು ಸ್ಲ್ಯಾಬು 54 ಚದರ ಅಡಿ. ಇಲ್ಲಿ ಪ್ರತಿ ಸ್ಲ್ಯಾಬಿನ ಬದಿಯಲ್ಲಿ ಹನ್ನೊಂದು ಇಂಚು ಉಳಿಯುತ್ತದೆ. ಮೊದಲನೆಯದರಿಂದ ಎಂಟು ಅಡಿ ಗೋಡೆಯ ಸ್ಕರ್ಟಿಂಗ್ ಒಂದೇ ತುಂಡಾಗಿ ತೆಗೆದು, ಮಿಕ್ಕಿದ್ದರಲ್ಲಿ ಎರಡು ಇಂಚಿನ ಉದ್ದ ಪಟ್ಟಿಗಳನ್ನು ಸೀಳಬಹುದು. ಎರಡನೆಯದರಿಂದ ನಾಲ್ಕು ಇಂಚಿನ ಎರಡು ಪಟ್ಟಿ ತೆಗೆದು, ಹತ್ತು ಅಡಿ ಗೋಡೆಗೆ ಐದೈದು ಅಡಿಯಾಗಿ ಹಾಕಿದರೆ ಜಾಯಿಂಟ್ ನಟ್ಟನಡುವೆ ಬಂದು ಲಕ್ಷಣವಾಗಿರುತ್ತದೆ. ಹನ್ನೆರಡು ಚದರ ಅಡಿ ವೇಸ್ಟೇಜ್ ಆಯಿತು. ಕೊಂಡ ಕಲ್ಲಿನಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲು. ಆದರೂ ಮೂರು ಕಿರಿದಾದ ಸ್ಲ್ಯಾಬಿಗಿಂತ ಹದಿಮೂರು ಅಡಿಯಷ್ಟು ದುಡ್ಡು ಉಳಿಯಿತು. ದರ್ಜಿ ಬಟ್ಟೆಯ ಅಗಲ ಎಷ್ಟೆಂದು ಕೇಳಿದ ಮೇಲೆಯೇ ಎಷ್ಟು ಮೀಟರ್ ಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಯಾರ್ಡಿನಲ್ಲಿ ಬರೆದ ಅಳತೆಯನ್ನೂ ಹಾಗೇ ಒಪ್ಪಿಕೊಳ್ಳಬೇಡಿ. ಸ್ಲ್ಯಾಬಿನ ಅಂಚು ಹಲವು ಸಲ ಓರೆಯಾಗಿರುತ್ತದೆ, ಮೂಲೆ ಒಡೆದಿರುತ್ತದೆ. ಅಗಲವನ್ನು ಎರಡು ತುದಿಯಲ್ಲೂ ನಡುವೆಯೂ ಟೇಪು ಹಿಡಿದು ನೋಡಿ, ಅತಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೂವತ್ತಾರು ಇಂಚು ಎಂದದ್ದು ಮೂವತ್ತೈದೇ ಇದ್ದರೆ ನಾಲ್ಕು ಇಂಚಿನ ಎರಡು ಪಟ್ಟಿ ಹೇಗೋ ಬರುತ್ತದೆ. ಮೂವತ್ತಮೂರಕ್ಕೆ ಇಳಿದರೆ ಬರುವುದಿಲ್ಲ.

ಮನೆಯ ಮೂಲೆಯೂ ಮಟ್ಟಸವಾಗಿ ಇರುವುದು ಕಡಿಮೆ. ಮೂಲೆಯಿಂದ ಒಂದು ಗೋಡೆಯ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಮಾಡಿ ಅಡ್ಡಲಾಗಿ ಅಳೆಯಿರಿ. ಸರಿಯಾಗಿ ಐದು ಅಡಿ ಬಂದರೆ ಮೂಲೆ ನೇರ. ಕಾಲು ಇಂಚಿನ ಸಂದು ಕಟ್ಟೆಯ ಹಿಂದೆ ಬಿದ್ದರೆ ಸ್ಕರ್ಟಿಂಗಿನ ದಪ್ಪವೇ ಅದನ್ನು ಮುಚ್ಚುತ್ತದೆ. ಇಂಚಿನಷ್ಟು ವ್ಯತ್ಯಾಸ ಇದ್ದರೆ ಕಟ್ಟೆಯ ತುಂಡನ್ನು ಅಗಲವಾಗಿ ತೆಗೆದು ಗೋಡೆಯ ಓರೆಗೆ ತಕ್ಕಂತೆ ಕತ್ತರಿಸಬೇಕು, ಬದಿಯ ಹನ್ನೊಂದು ಇಂಚು ಅಷ್ಟರಮಟ್ಟಿಗೆ ಕರಗುತ್ತದೆ.

ಹದಿನೆಂಟು ಮಿಲಿಮೀಟರ್ ದಪ್ಪದ ಎಂಟು ಅಡಿ ತುಂಡು ಸುಮಾರು 75 ಕಿಲೋ ತೂಗುತ್ತದೆ. ಅದು ನಿಮ್ಮ ಮೆಟ್ಟಿಲಿನ ತಿರುವಿನಲ್ಲಿ ಹಿಡಿಸುತ್ತದೆಯೇ ಎಂದು ಮೊದಲೇ ನೋಡಿ. ಸಿಂಕಿನ ಕಿಂಡಿಯನ್ನು ಕಲ್ಲು ಕಟ್ಟೆಯ ಮೇಲೆ ಕೂತ ಮೇಲೆಯೇ ಕತ್ತರಿಸುವುದು ಕ್ಷೇಮ, ಏಕೆಂದರೆ ಕಿಂಡಿಯ ಮುಂದೆ ಉಳಿಯುವ ಕಿರಿದಾದ ಪಟ್ಟಿ ಹೊರುವಾಗ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಬೇಕಾಗಿರುವುದು ಒಂದು ಹಾಳೆಯ ಮೇಲೆ. ಸ್ಲ್ಯಾಬಿನ ಆಯತ ಬರೆದು, ಅದರೊಳಗೆ ಪ್ರತಿ ತುಂಡನ್ನೂ ಇಂಚಿನ ಲೆಕ್ಕದಲ್ಲಿ ಜೋಡಿಸಿ, ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲೇ ಮೇಸ್ತ್ರಿಗೆ ತೋರಿಸಿ. ಬೇಕಾದ ಸ್ಲ್ಯಾಬುಗಳನ್ನೆಲ್ಲ ಅದೇ ದಿನ, ಅಕ್ಕಪಕ್ಕ ನಿಂತವನ್ನೇ ಆರಿಸಿ ತನ್ನಿ. ತಿಂಗಳು ಬಿಟ್ಟು ಒಂದು ಸ್ಲ್ಯಾಬಿಗೆಂದು ಹೋದರೆ ಅದೇ ಹೆಸರಿನ ಕಲ್ಲು ಸಿಕ್ಕೀತು, ಅದೇ ಬಣ್ಣ ಸಿಗುವ ಭರವಸೆಯಿಲ್ಲ.