ಆಗುವುದಿಲ್ಲ ಎನ್ನುವುದಕ್ಕೂ ಒಂದು ಲೆಕ್ಕ ಬೇಕು

ಪೀಣ್ಯದ ಶೆಡ್ಡಿನಿಂದ ಹಿಡಿದು ವೈಟ್‌ಫೀಲ್ಡಿನ ಗಾಜಿನ ಕಟ್ಟಡದವರೆಗೆ ಒಂದು ನಂಬಿಕೆ ಬೇರೂರಿದೆ. ಮೇಲಿನವರು ಹೆಚ್ಚುವರಿ ಕೆಲಸ ಹೇಳಿದಾಗ ಆಗುವುದಿಲ್ಲ ಎಂದರೆ ಒರಟುತನ, ‘ನೋಡ್ತೀನಿ ಸರ್’ ಎಂದರೆ ನಯ. ನಿಜಕ್ಕೂ ಆಗುವುದು ಇದರ ತಿರುಗುಮುರುಗು. ಕೆಲಸ ಹೇಳಿದವರು ಆ ಮಾತನ್ನು ಒಪ್ಪಿಗೆ ಎಂದೇ ತಿಳಿದು ತಮ್ಮ ಮೇಲಿನವರಿಗೆ, ಎಷ್ಟೋ ಸಲ ಗಿರಾಕಿಗೂ, ಡೇಟ್ ಕೊಟ್ಟುಬಿಟ್ಟಿರುತ್ತಾರೆ. ಕೊನೆಯ ದಿನ ಆಗಿಲ್ಲವೆಂದು ಗೊತ್ತಾದರೆ ಅವರಿಗೆ ಬೇರೆ ದಾರಿ ಉಳಿದಿರುವುದಿಲ್ಲ. ಮೊದಲ ದಿನವೇ ಹೇಳಿದ್ದರೆ ಇನ್ನೊಬ್ಬರಿಗೆ ವಹಿಸಬಹುದಿತ್ತು, ಡೇಟ್ ಮುಂದಕ್ಕೆ ಕೇಳಬಹುದಿತ್ತು. ದನಿ ಎಷ್ಟೇ ಮೆತ್ತಗಿರಲಿ, ಎದುರಿನವರು ನಿರ್ಧಾರ ಮಾಡಲು ಬೇಕಾದ ಸಂಗತಿಯನ್ನು ಮುಚ್ಚಿಟ್ಟರೆ ಅದು ನಯವಾಗದು. ಆ ಸಂಗತಿ ಎಂದರೆ ಗಂಟೆಗಳ ಲೆಕ್ಕ, ಮತ್ತು ಈ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು.

ಪೀಣ್ಯದ ಸಿಎನ್‌ಸಿ ಯಂತ್ರವೊಂದರ ಮುಂದೆ ನಡೆಯುವ ಮಾತನ್ನೇ ತೆಗೆದುಕೊಳ್ಳಿ. ‘ಇಪ್ಪತ್ತು ಪೀಸ್ ಅಷ್ಟೇ, ನಡುವೆ ಹಾಕಿಬಿಡಿ’ ಎನ್ನುತ್ತಾರೆ ಸೂಪರ್‌ವೈಸರ್. ಒಂದು ಪೀಸಿಗೆ ನಾಲ್ಕು ನಿಮಿಷ ಎಂದರೆ 80 ನಿಮಿಷ. ಇಷ್ಟಕ್ಕೂ ಇಲ್ಲವೆನ್ನುವುದು ಹಟಮಾರಿತನದಂತೆ ಕಾಣುತ್ತದೆ. ಆದರೆ ಓಡುತ್ತಿರುವ ಜಾಬನ್ನು ನಿಲ್ಲಿಸಿ ಜಾ ಬದಲಿಸಬೇಕು, ಟೂಲ್ ಕೂರಿಸಬೇಕು, ಆಫ್‌ಸೆಟ್ ಹಾಕಬೇಕು, ಮೊದಲ ಪೀಸನ್ನು ತಪಾಸಣೆಗೆ ಕಳಿಸಿ ಸರಿ ಎಂಬ ಉತ್ತರಕ್ಕೆ ಕಾಯಬೇಕು. ಇದಕ್ಕೆ 45 ನಿಮಿಷ ಎಂದಿಟ್ಟುಕೊಂಡರೆ, ಹಳೆಯ ಜಾಬಿಗೆ ಮರಳುವಾಗ ಇನ್ನೊಂದು 45. ಒಟ್ಟು 170 ನಿಮಿಷ, ಅಂದರೆ ಹೇಳಿದ್ದಕ್ಕಿಂತ ಇಮ್ಮಡಿಗೂ ಹೆಚ್ಚು. ಅದೇ ಇಪ್ಪತ್ತು ಪೀಸನ್ನು ಈಗಿನ ಬ್ಯಾಚ್ ಮುಗಿದ ಮೇಲೆ ಹಾಕಿದರೆ ಹಳೆಯ ಜಾಬಿಗೆ ಮರಳುವ ಸೆಟ್ಟಿಂಗ್ ಪೂರ್ತಿ ಉಳಿಯುತ್ತದೆ. ‘ಸಾರ್, ಈಗಲೇ ಹಾಕಿದರೆ ಮೂರು ಗಂಟೆ ಹೋಗುತ್ತೆ, ಈ ಲಾಟ್ ಇವತ್ತಿನ ಗಾಡಿಗೆ ಸಿಗಲ್ಲ; ಲಾಟ್ ಮುಗಿಸಿ ಹಾಕಿದರೆ ಎರಡೂ ಆಗುತ್ತೆ’ ಎಂಬ ಆಪರೇಟರ್ ಮಾತಿನಲ್ಲಿ ಅವಿಧೇಯತೆ ಎಲ್ಲಿದೆ? ಕಂಪ್ಯೂಟರ್ ಮುಂದೆ ಕೂತವರ ತಲೆಗೂ ಇಂಥದ್ದೇ ಸೆಟ್ಟಿಂಗ್ ಸಮಯ ಬೇಕು, ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಅರ್ಧಕ್ಕೆ ಬಿಟ್ಟುಬಂದ ಕೆಲಸ ಮನಸ್ಸಿನಲ್ಲಿ ಉಳಿದುಕೊಂಡು ಮುಂದಿನ ಕೆಲಸವನ್ನು ಕೆಡಿಸುತ್ತದೆಂದು ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ.

ಇದರ ಬೆನ್ನಿಗೇ ಇರುವ ಇನ್ನೊಂದು ತಪ್ಪು ತಿಳಿವಳಿಕೆ, ದಿನದ ಎಲ್ಲ ಗಂಟೆಯೂ ತುಂಬಿರುವವರೇ ಒಳ್ಳೆಯ ಕೆಲಸಗಾರರು, ಖಾಲಿ ಇರುವ ಸ್ವಲ್ಪ ಜಾಗಕ್ಕೂ ಕೆಲಸ ತುರುಕಬೇಕು ಎಂಬುದು. ಸರತಿ ಸಾಲಿನ ಗಣಿತ ಬೇರೆಯದನ್ನೇ ಹೇಳುತ್ತದೆ. ಕೆಲಸ ಹೇಳದೆ ಕೇಳದೆ ಬರುತ್ತದೆ, ಒಂದು ಚಿಕ್ಕದು ಒಂದು ದೊಡ್ಡದು, ಮಾಡುವವರು ಒಬ್ಬರೇ. ಈ ಗಣಿತದ ಅತಿ ಸರಳ ಸೂತ್ರದ ಪ್ರಕಾರ, ಆ ವ್ಯಕ್ತಿಯ ಸಮಯ ನೂರಕ್ಕೆ 80ರಷ್ಟು ತುಂಬಿದ್ದರೆ ಸರಾಸರಿ ಒಂದು ದಿನದ ಕೆಲಸ ಶುರುವಾಗಲು ನಾಲ್ಕು ದಿನ ಕಾಯಬೇಕು. 90ಕ್ಕೆ ಏರಿದರೆ ಒಂಬತ್ತು ದಿನ. ಹೊರೆ ಹೆಚ್ಚಿದ್ದು ಸ್ವಲ್ಪವೇ, ಕಾಯುವುದು ಇಮ್ಮಡಿಗಿಂತ ಹೆಚ್ಚಾಯಿತು. ಆದ್ದರಿಂದ ಹೊರೆಯನ್ನು ಮಿತಿಯಲ್ಲಿ ಇಟ್ಟುಕೊಳ್ಳುವವರು ಆರಾಮ ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಅವರು ಈಗಾಗಲೇ ಕೊಟ್ಟ ಮಾತನ್ನು ಕಾಯುತ್ತಿದ್ದಾರೆ.

ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಡೆವಲಪರ್ ಈ ಲೆಕ್ಕವನ್ನು ಹೇಗೆ ಹಾಕಬಹುದು ನೋಡಿ. ಎರಡು ವಾರದ ಸ್ಪ್ರಿಂಟ್ ಎಂದರೆ ಹತ್ತು ದಿನ, 80 ಗಂಟೆ. ಖಾಯಂ ಮೀಟಿಂಗುಗಳಿಗೆ 12, ಇತರರ ಕೋಡ್ ನೋಡಲು ಮತ್ತು ಸಪೋರ್ಟ್ ಟಿಕೆಟ್‌ಗಳಿಗೆ 14 ಕಳೆದರೆ ಉಳಿದದ್ದು 54. ಒಪ್ಪಿಕೊಂಡ ಎರಡು ಸ್ಟೋರಿಗಳಿಗೆ 48 ಹೋದರೆ ಕೈಯಲ್ಲಿರುವುದು ಆರೇ ಗಂಟೆ. ಸ್ಪ್ರಿಂಟ್ ಶುರುವಾಗುತ್ತಲೇ ಲೀಡ್ ಬಂದು, ಕ್ಲೈಂಟ್ ಡೆಮೊಗೆ ಒಂದು ರಿಪೋರ್ಟ್ ಸ್ಕ್ರೀನ್ ಬೇಕು, ಒಂದೂವರೆ ದಿನದ ಕೆಲಸ ಎನ್ನುತ್ತಾರೆ. ಆಗ ಚಾಟ್‌ನಲ್ಲಿ ಹೀಗೆ ಬರೆಯಬಹುದು: ‘ರಿಪೋರ್ಟ್ ಸ್ಕ್ರೀನ್‌ಗೆ 12 ಗಂಟೆ ಬೇಕು. ನನ್ನ ಹತ್ರ ಈ ಸ್ಪ್ರಿಂಟಲ್ಲಿ ಉಳಿದಿರೋದು 6. ಪೇಮೆಂಟ್ ಸ್ಟೋರಿನ ಮುಂದಿನ ಸ್ಪ್ರಿಂಟ್‌ಗೆ ಹಾಕಿದ್ರೆ ಇದನ್ನ ಗುರುವಾರದೊಳಗೆ ಕೊಡ್ತೀನಿ. ಎರಡರಲ್ಲಿ ಯಾವುದು ಮೊದಲು ಅಂತ ಇವತ್ತು ಸಂಜೆಯೊಳಗೆ ಹೇಳಿ, ಅದನ್ನೇ ತಗೋತೀನಿ.’ ಇಲ್ಲಿ ಮನೆಯ ತೊಂದರೆ, ಮೈ ಹುಷಾರಿಲ್ಲ ಎಂಬ ನೆಪ ಒಂದೂ ಇಲ್ಲ. ನೆಪ ಕೊಟ್ಟರೆ ಎದುರಿನವರು ಅದನ್ನು ಪರಿಹರಿಸಿ, ‘ಹಾಗಾದ್ರೆ ನಾಳೆ ಮಾಡಿ’ ಎನ್ನುತ್ತಾರೆ. ಲೆಕ್ಕ ಕೊಟ್ಟರೆ ಯಾವುದನ್ನಾದರೂ ಆರಿಸಲೇಬೇಕಾಗುತ್ತದೆ. ಆರಿಸುವ ಅಧಿಕಾರವೂ ಲೀಡ್‌ಗೇ ಸೇರಿದ್ದು, ಹಾಗಾಗಿ ಅವರ ಮಾತಿಗೆ ಕುಂದಿಲ್ಲ. ಎರಡೂ ಬೇಕೆಂದು ಅವರು ಪಟ್ಟು ಹಿಡಿದರೆ, ಯಾವುದು ತಡವಾಗುತ್ತದೆಂಬುದು ಮೊದಲ ದಿನವೇ ಬರಹದಲ್ಲಿ ಇರುತ್ತದೆ.

ಮೀಟಿಂಗಿಗೂ ಇದೇ ದಾರಿ, ಆದರೆ ಅಲ್ಲಿ ಕೇಳಬೇಕಾದ್ದು ಗಂಟೆಗಿಂತ ಮೊದಲು ಕಾರಣ. ಏನು ನಿರ್ಧಾರವಾಗಬೇಕು, ಅದಕ್ಕೆ ನನ್ನಿಂದ ಏನು ಬೇಕು ಎಂದು ಕೇಳಿದರೆ ಎಷ್ಟೋ ಸಲ ಉತ್ತರ ನಾಲ್ಕು ಸಾಲಿನ ಮೇಲ್‌ನಲ್ಲಿ ಮುಗಿಯುತ್ತದೆ. ಸಂಜೆಯ ಕರೆಗಳಲ್ಲಂತೂ ಯಾರೂ ನಿರ್ಧರಿಸದೆಯೇ ಹೊರೆ ಬೆಳೆಯುತ್ತದೆ. ನ್ಯೂಯಾರ್ಕಿನ ಬೆಳಗ್ಗೆ 9.30ರ ಕರೆ ಬೇಸಿಗೆಯಲ್ಲಿ ನಮಗೆ ಸಂಜೆ 7. ನವೆಂಬರ್‌ನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರ ಹಿಂದಕ್ಕೆ ತಿರುಗಿಸಿದೊಡನೆ ಅದು ರಾತ್ರಿ 8 ಆಗುತ್ತದೆ. ‘ಚಳಿಗಾಲದಲ್ಲಿ ನಿಮ್ಮ 8.30ಕ್ಕೆ ಇಟ್ಟರೆ ನಮಗೆ 7ಕ್ಕೇ ಉಳಿಯುತ್ತದೆ’ ಎಂದು ಅಕ್ಟೋಬರ್‌ನಲ್ಲೇ ಕೇಳುವುದು ಸುಲಭ. ಡಿಸೆಂಬರ್‌ನಲ್ಲಿ ಬೇಸತ್ತು ಕರೆಗೆ ಸೇರದೆ ಉಳಿಯುವುದು ಮಾತ್ರ ಒರಟುತನವೇ.

ಇದೆಲ್ಲ ಹೇಳಲು ಚೆನ್ನ, ಅಪ್ರೈಸಲ್‌ನಲ್ಲಿ ಏಟು ಬೀಳುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಹೂಂ ಎಂದವರ ಪಾಲಿಗೆ ಬೀಳುವ ಕೆಲಸ ಯಾವುದೆಂದೂ ನೋಡಬೇಕು. ಮಿನಿಟ್ಸ್ ಬರೆಯುವುದು, ಟೀಮ್ ಔಟಿಂಗ್ ಏರ್ಪಡಿಸುವುದು, ಹೊಸಬರ ಫಾರಂ ತುಂಬಿಸುವುದು ಬಡ್ತಿಯ ಲೆಕ್ಕಕ್ಕೆ ಬರುವುದು ಅಪರೂಪ. ಇಂಥ ಕೆಲಸಗಳನ್ನು ಹೆಂಗಸರಿಗೇ ಹೆಚ್ಚಾಗಿ ಕೇಳುತ್ತಾರೆ, ಅವರೇ ಹೆಚ್ಚಾಗಿ ಒಪ್ಪುತ್ತಾರೆ ಎಂದು ಲಿಂಡಾ ಬ್ಯಾಬ್‌ಕಾಕ್ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ‘ಈ ತಿಂಗಳು ನಾನು ಬರೆದಿದ್ದೀನಿ, ಮುಂದಿನ ತಿಂಗಳಿಂದ ಸರದಿ ಇಟ್ಟುಕೊಳ್ಳೋಣ’ ಎಂಬ ಮಾತು ಇಲ್ಲಿ ನೇರ ನಿರಾಕರಣೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು, ಐಟಿಯವರಿಗೆ ಕೆಲಸದ ಅವಧಿಯ ಕಾನೂನೇ ಇಲ್ಲ ಎಂಬ ಮಾತು ಶುದ್ಧ ತಪ್ಪು. ಸರ್ಕಾರ ಅವರಿಗೆ ವಿನಾಯಿತಿ ಕೊಟ್ಟಿದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ಅದರ ಮೇಲಿನ ದುಡಿಮೆಗೆ ಇಮ್ಮಡಿ ಕೂಲಿ ಹೇಳಿತು. ಈ ಅವಧಿಯನ್ನು ಹಿಗ್ಗಿಸುವ ಪ್ರಸ್ತಾವ 2024ರಲ್ಲೂ 2025ರಲ್ಲೂ ಬಂದಾಗ ಐಟಿ ನೌಕರರ ಸಂಘ ಕಿಟು ಬೀದಿಗಿಳಿದದ್ದು ಇದಕ್ಕೇ. ಕಾರ್ಖಾನೆಗಳಲ್ಲಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೆಲಸದ ಸ್ಥಿತಿಗತಿ ಸಂಹಿತೆಯ ಪ್ರಕಾರ ಓವರ್‌ಟೈಮ್‌ಗೆ ಕಾರ್ಮಿಕರ ಒಪ್ಪಿಗೆಯೇ ಬೇಕು. ಆದರೆ ಮ್ಯಾನೇಜರ್ ದರ್ಜೆಯವರು 1961ರ ಕಾಯ್ದೆಯ ಹೊರಗಿದ್ದಾರೆ. ಗುತ್ತಿಗೆಯ ಮೇಲಿರುವವರ ಸ್ಥಿತಿ ಇನ್ನೂ ಸೂಕ್ಷ್ಮ: ಒಪ್ಪಿಗೆ ಕಾಗದದಲ್ಲಿದ್ದರೂ ನಾಳೆ ಗೇಟ್ ಪಾಸ್ ಸಿಗುವುದು ಗುತ್ತಿಗೆದಾರನ ಕೈಯಲ್ಲಿದೆ. ಅಂಥವರು ಒಬ್ಬೊಬ್ಬರಾಗಿ ಇಲ್ಲವೆನ್ನಲಾರರು. ಅವರ ಪರವಾಗಿ ಲೈನಿನ ಲೆಕ್ಕವನ್ನು ಮೇಲಕ್ಕೆ ಒಯ್ಯಬೇಕಾದವರು ಖಾಯಂ ನೌಕರಿಯಲ್ಲಿರುವ ಸೂಪರ್‌ವೈಸರ್ ಮತ್ತು ಸಂಘದವರು.