ಮಾತಾಡಿದವರು ಇಂಪ್ಲೈ, ಕೇಳಿದವರು ಇನ್ಫರ್: ಆಫೀಸ್ ಮೇಲ್‌ನಲ್ಲಿ ಅದಲುಬದಲಾಗುವ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ತಿಳಿಯಿರಿ

ಸಹೋದ್ಯೋಗಿಯ ಮಾತಿನಿಂದ ಸಿಟ್ಟು ಬಂದಾಗ ಕೆಲವರು ಇಂಗ್ಲಿಷ್‌ನಲ್ಲಿ ಹೀಗೆ ಕೇಳುವುದುಂಟು: 'ಆರ್ ಯು ಇನ್ಫರಿಂಗ್ ದಟ್ ಐ ಆ್ಯಮ್ ಲೇಜಿ?' ನಾನು ಸೋಮಾರಿ ಅಂತ ಸುತ್ತುಬಳಸಿ ಹೇಳ್ತಿದ್ದೀರಾ ಎಂದು ಕೇಳುವುದು ಅವರ ಉದ್ದೇಶ. ಆದರೆ ಈ ವಾಕ್ಯದ ಅರ್ಥ ಬೇರೆ. ನನ್ನನ್ನು ನೋಡಿ, ನನ್ನ ಕೆಲಸ ನೋಡಿ ನಾನು ಸೋಮಾರಿ ಎಂಬ ತೀರ್ಮಾನಕ್ಕೆ ನೀವು ಬರುತ್ತಿದ್ದೀರಾ ಎಂದು ಕೇಳಿದಂತಾಗುತ್ತದೆ. ಅಲ್ಲಿ ಬರಬೇಕಿದ್ದ ಪದ 'ಇಂಪ್ಲೈಯಿಂಗ್'.

ಇಂಪ್ಲೈ ಮತ್ತು ಇನ್ಫರ್ ಎಂಬ ಈ ಎರಡು ಕ್ರಿಯಾಪದಗಳು ಓದಿ ಬರೆದು ರೂಢಿ ಇರುವವರನ್ನೂ ಎಡವಿಸುತ್ತವೆ. ಎರಡೂ ಬಾಯಿಬಿಟ್ಟು ಹೇಳದ ಅರ್ಥಕ್ಕೆ ಸಂಬಂಧಿಸಿದವು ಎಂಬುದೇ ಗೊಂದಲದ ಮೂಲ.

ಒಂದೇ ಅರ್ಥ, ಎರಡು ತುದಿ

ಒಂದು ಮಾತು ಮಾತನಾಡುವವರಿಂದ ಹೊರಟು ಕೇಳುವವರನ್ನು ತಲುಪುತ್ತದೆ. ಹೊರಡುವಾಗ ಅದರೊಳಗೆ ಒಂದು ಅರ್ಥವನ್ನು ಮಡಚಿ ಇಟ್ಟರೆ ಅದು ಇಂಪ್ಲೈ. ತಲುಪಿದ ಮೇಲೆ ಆ ಮಾತಿನಿಂದ ಒಂದು ಅರ್ಥವನ್ನು ಹೊರತೆಗೆದುಕೊಂಡರೆ ಅದು ಇನ್ಫರ್. 'ಮಡಚಿ' ಎಂಬುದು ಇಲ್ಲಿ ಬರೀ ಹೋಲಿಕೆಯಲ್ಲ. ಇಂಪ್ಲೈ ಪದದ ಬೇರು ಲ್ಯಾಟಿನ್‌ನ 'ಇಂಪ್ಲಿಕಾರೆ'. ಅದರ ಅರ್ಥ ಒಳಗೆ ಮಡಚುವುದು. ಇನ್ಫರ್ ಬಂದದ್ದು 'ಇನ್ಫೆರ್ರೆ' ಎಂಬ ಪದದಿಂದ. ಅಂದರೆ ಒಳಕ್ಕೆ ಹೊತ್ತು ತರುವುದು.

ವಾಕ್ಯದಲ್ಲಿ ಇವನ್ನು ಗುರುತಿಸಲು ಎರಡು ಸುಲಭ ಗುರುತುಗಳಿವೆ. ಮೊದಲನೆಯದು ಕರ್ತೃಪದ. ಇಂಪ್ಲೈ ಕ್ರಿಯೆಯ ಕರ್ತೃ ಮಾತನಾಡಿದವರು ಅಥವಾ ಬರೆದವರು. ಇನ್ಫರ್ ಕ್ರಿಯೆಯ ಕರ್ತೃ ಕೇಳಿದವರು, ಓದಿದವರು ಅಥವಾ ನೋಡಿದವರು. ಎರಡನೆಯದು 'ಫ್ರಮ್' ಎಂಬ ಪುಟ್ಟ ಪದ. ಇನ್ಫರ್ ಮಾಡಲು ಒಂದು ಆಧಾರ ಬೇಕು. ಆದ್ದರಿಂದ ಅದರ ಜೊತೆ ಸಾಮಾನ್ಯವಾಗಿ 'ಫ್ರಮ್' ಬರುತ್ತದೆ: 'ಐ ಇನ್ಫರ್ಡ್ ಫ್ರಮ್ ಹರ್ ಟೋನ್ ದಟ್ ಶಿ ವಾಸ್ ಅಪ್‌ಸೆಟ್.' ಅವರ ದನಿಯಿಂದಲೇ ಬೇಸರವಾಗಿದೆ ಅಂತ ನನಗೆ ಅರ್ಥವಾಯಿತು ಎಂದು ಇದರ ಭಾವ. ಅದೇ ಸಂಗತಿಯನ್ನು ಆಚೆ ತುದಿಯಿಂದ ಹೇಳುವುದಾದರೆ 'ಹರ್ ಟೋನ್ ಇಂಪ್ಲೈಡ್ ದಟ್ ಶಿ ವಾಸ್ ಅಪ್‌ಸೆಟ್.'

ಈ ಕೊನೆಯ ವಾಕ್ಯದ ಕರ್ತೃ ವ್ಯಕ್ತಿಯಲ್ಲ, ದನಿ. ಮೌನ, ಅಂಕಿ-ಅಂಶ, ಖಾಲಿ ಕುರ್ಚಿ ಇವೂ ಇಂಪ್ಲೈ ಮಾಡಬಲ್ಲವು. ಆದರೆ ಇನ್ಫರ್ ಮಾಡಲು ಯೋಚಿಸುವ ತಲೆಯೊಂದು ಬೇಕು. ಹಾಗಾಗಿ 'ದಿ ಫಿಗರ್ಸ್ ಇನ್ಫರ್ ದಟ್ ಸೇಲ್ಸ್ ಆರ್ ಫಾಲಿಂಗ್' ಎಂದು ವರದಿಯಲ್ಲಿ ಬರೆದರೆ ಅಂಕಿಗಳೇ ಕುಳಿತು ಯೋಚಿಸಿದಂತೆ ಆಗುತ್ತದೆ. ಅಂಕಿಗಳು ಇಂಪ್ಲೈ ಮಾಡುತ್ತವೆ, ಅವನ್ನು ಓದಿದ ನಾವು ಇನ್ಫರ್ ಮಾಡುತ್ತೇವೆ.

ಒಂದು ರಜೆ ಅರ್ಜಿಯ ಕಥೆ

ಪದ ಅದಲುಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಪುಣೆಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿ ಗೌರಿ ಹಬ್ಬಕ್ಕೆ ಊರಿಗೆ ಹೋಗಲು ಶುಕ್ರವಾರ ರಜೆ ಕೇಳಿದ್ದಾಳೆ ಎಂದುಕೊಳ್ಳಿ. ಮ್ಯಾನೇಜರ್ ಉತ್ತರ ಎರಡೇ ಸಾಲು: 'ದಿ ಕ್ಲೈಂಟ್ ರಿವ್ಯೂ ಈಸ್ ಆನ್ ಫ್ರೈಡೇ. ಲಾಸ್ಟ್ ಟೈಮ್ ವಿ ವರ್ ಶಾರ್ಟ್ ಆಫ್ ಪೀಪಲ್.' ಶುಕ್ರವಾರ ಕ್ಲೈಂಟ್ ರಿವ್ಯೂ ಇದೆ, ಕಳೆದ ಸಲ ಜನ ಕಡಿಮೆ ಬಿದ್ದಿದ್ದರು ಎಂದಷ್ಟೇ. ರಜೆ ಇಲ್ಲ ಎಂಬ ಮಾತು ಎಲ್ಲೂ ಇಲ್ಲ.

ಹುಡುಗಿ ರೈಲು ಟಿಕೆಟ್ ರದ್ದು ಮಾಡಿದಳು. ಸೋಮವಾರ ಮ್ಯಾನೇಜರ್, 'ಊರಿಗೆ ಯಾಕೆ ಹೋಗಲಿಲ್ಲ? ನಾನು ಬೇಡ ಅಂದಿರಲಿಲ್ಲವಲ್ಲ' ಎಂದರು. ಬೇಸರದಿಂದ ಆಕೆ ಬರೆದ ಮೇಲ್ ಹೀಗಿತ್ತು: 'ಯು ಇನ್ಫರ್ಡ್ ದಟ್ ಮೈ ಲೀವ್ ವಾಸ್ ರಿಜೆಕ್ಟೆಡ್.'

ಆಕೆ ಹೇಳಬೇಕೆಂದಿದ್ದು, ರಜೆ ಸಿಗುವುದಿಲ್ಲ ಎಂಬ ಸೂಚನೆಯನ್ನು ನೀವೇ ಕೊಟ್ಟಿರಿ ಎಂದು. ಬರೆದದ್ದು ಮಾತ್ರ, ನನ್ನ ರಜೆ ತಿರಸ್ಕಾರವಾಗಿದೆ ಎಂದು ನೀವು ಎಲ್ಲಿಂದಲೋ ಅರ್ಥಮಾಡಿಕೊಂಡಿರಿ ಎಂದು. ದೂರು ಕೊಡಲು ಹೋದ ವಾಕ್ಯ ಮ್ಯಾನೇಜರ್ ಅವರನ್ನೇ ಕೇಳುಗರ ಜಾಗದಲ್ಲಿ ಕೂರಿಸಿತು. ಈ ಮೇಲ್ ನಾಳೆ ಎಚ್‌ಆರ್ ಮುಂದೆ ಹೋದರೆ, ಸುಳಿವು ಕೊಟ್ಟವರು ಯಾರು ಎಂಬ ಮುಖ್ಯ ಸಂಗತಿಯೇ ಅದರಲ್ಲಿ ಇಲ್ಲ.

ಸರಿಯಾಗಿ ಬರೆಯಲು ಆಕೆಗೆ ಎರಡು ದಾರಿಗಳಿದ್ದವು. ಮೊದಲನೆಯದು 'ಯುವರ್ ಮೇಲ್ ಇಂಪ್ಲೈಡ್ ದಟ್ ಮೈ ಲೀವ್ ವುಡ್ ನಾಟ್ ಬಿ ಅಪ್ರೂವ್ಡ್.' ಇಲ್ಲಿ ಹೊಣೆ ಮೇಲ್ ಬರೆದವರದ್ದು. ಎರಡನೆಯದು 'ಫ್ರಮ್ ಯುವರ್ ಮೇಲ್, ಐ ಇನ್ಫರ್ಡ್ ದಟ್ ಮೈ ಲೀವ್ ವುಡ್ ನಾಟ್ ಬಿ ಅಪ್ರೂವ್ಡ್.' ಇಲ್ಲಿ ತೀರ್ಮಾನ ತನ್ನದು ಎಂದು ಆಕೆ ಒಪ್ಪಿಕೊಳ್ಳುತ್ತಾಳೆ. ಎರಡೂ ವ್ಯಾಕರಣದ ಪ್ರಕಾರ ಸರಿ. ಆದರೆ ಮೊದಲನೆಯದು ಆರೋಪ, ಎರಡನೆಯದು ವಿವರಣೆ. ಯಾವುದನ್ನು ಹೇಳಬೇಕೋ ಅದನ್ನು ಆರಿಸಿಕೊಳ್ಳಲು ವ್ಯತ್ಯಾಸ ಗೊತ್ತಿರಬೇಕು.

ಹಾಗಾದರೆ ತಪ್ಪು ಯಾರದು?

ಮ್ಯಾನೇಜರ್ ಸಮರ್ಥನೆ ಹೀಗಿರಬಹುದು: 'ಐ ಡಿಡ್ ನಾಟ್ ಇಂಪ್ಲೈ ದಟ್. ಯು ಇನ್ಫರ್ಡ್ ಇಟ್.' ನಾನು ಹಾಗೆ ಸೂಚಿಸಿರಲಿಲ್ಲ, ನೀವೇ ಹಾಗೆ ಅಂದುಕೊಂಡಿರಿ ಎಂದು. ಈ ವಾದ ನಿಲ್ಲುತ್ತದೆಯೇ?

ಬ್ರಿಟನ್ನಿನ ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇಂಥ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು. ಮಾತುಕತೆಯಲ್ಲಿ ಪ್ರತಿಯೊಬ್ಬರೂ ವಿಷಯಕ್ಕೆ ಸಂಬಂಧಪಟ್ಟದ್ದನ್ನೇ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ ಕೇಳುವವರು ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಅವರ ವಿವರಣೆಯ ಒಂದು ಮುಖ್ಯ ಅಂಶ. ರಜೆ ಕೇಳಿದವರಿಗೆ ಕ್ಲೈಂಟ್ ರಿವ್ಯೂ ಬಗ್ಗೆ ಬರೆದರೆ, ಅದು ರಜೆಗೆ ಸಂಬಂಧಪಟ್ಟ ಉತ್ತರವೇ ಆಗಿರಬೇಕು. ಹಾಗೆ ನೋಡಿದರೆ ಆ ಎರಡು ಸಾಲು 'ರಜೆ ಕಷ್ಟ' ಎಂದು ಇಂಪ್ಲೈ ಮಾಡಿದ್ದು ನಿಜ. ಮ್ಯಾನೇಜರ್ ಪೂರ್ತಿ ಕೈ ತೊಳೆದುಕೊಳ್ಳುವಂತಿಲ್ಲ.

ಆದರೆ ಗ್ರೈಸ್ ಇನ್ನೊಂದು ಮಾತನ್ನೂ ಹೇಳುತ್ತಾರೆ. ಹೀಗೆ ಸೂಚಿತವಾದ ಅರ್ಥವನ್ನು ಮುಂದಿನ ವಾಕ್ಯದಲ್ಲಿ ರದ್ದು ಮಾಡಬಹುದು. ಆ ಮೇಲ್‌ಗೆ 'ಬಟ್ ಯು ಕ್ಯಾನ್ ಗೋ' ಎಂದು ಸೇರಿಸಿದ್ದರೆ ಯಾವ ವಿರೋಧಾಭಾಸವೂ ಇರುತ್ತಿರಲಿಲ್ಲ. 'ಯುವರ್ ಲೀವ್ ಈಸ್ ರಿಜೆಕ್ಟೆಡ್' ಎಂದು ನೇರವಾಗಿ ಬರೆದು ಅದರ ಪಕ್ಕದಲ್ಲೇ 'ಬಟ್ ಯು ಕ್ಯಾನ್ ಗೋ' ಎನ್ನಲು ಬರುವುದಿಲ್ಲ. ಒಂದು ಅರ್ಥ ನೇರವಾಗಿ ಹೇಳಿದ್ದೋ, ಬರೀ ಸೂಚಿಸಿದ್ದೋ ಎಂದು ತಿಳಿಯಲು ಇದು ಒಳ್ಳೆಯ ಪರೀಕ್ಷೆ. ರದ್ದು ಮಾಡಲು ಬಂದರೆ ಅದು ಸೂಚನೆ ಮಾತ್ರ, ನಿರ್ಧಾರವಲ್ಲ.

ಅದೇ ಮೇಲ್ ಓದಿ ಆಕೆ 'ಮ್ಯಾನೇಜರ್‌ಗೆ ನಾನು ಇಷ್ಟವಿಲ್ಲ, ಈ ಸಲ ಅಪ್ರೈಸಲ್ ಕೂಡ ಕೆಡುತ್ತದೆ' ಎಂದುಕೊಂಡರೆ? ಅಷ್ಟು ದೂರಕ್ಕೆ ಒಯ್ಯುವಂಥದ್ದು ಆ ಎರಡು ಸಾಲಿನಲ್ಲಿ ಏನೂ ಇಲ್ಲ. ಅಲ್ಲಿ ಇನ್ಫರೆನ್ಸ್ ಇದೆ, ಇಂಪ್ಲಿಕೇಶನ್ ಇಲ್ಲ. ಒಬ್ಬರು ಇಂಪ್ಲೈ ಮಾಡಿದ್ದನ್ನು ಇನ್ನೊಬ್ಬರು ಗಮನಿಸದೇ ಇರಬಹುದು, ಇಂಪ್ಲೈ ಮಾಡದೇ ಇದ್ದುದನ್ನು ಇನ್ಫರ್ ಮಾಡಿಕೊಳ್ಳಲೂಬಹುದು. ಈ ಎರಡಕ್ಕೂ ಬೇರೆ ಬೇರೆ ಪದ ಬೇಕಾಗಿರುವುದು ಇದಕ್ಕೇ.

ಕನ್ನಡಿಗರಿಗೆ ಎದುರಾಗುವ 'ಅನುಮಾನ'

ನಿಘಂಟಿನಲ್ಲಿ ಇನ್ಫರ್ ಪದಕ್ಕೆ 'ಅನುಮಾನಿಸು' ಎಂಬ ಅರ್ಥ ಸಿಗುತ್ತದೆ. ಇದು ನ್ಯಾಯಶಾಸ್ತ್ರದಿಂದ ಬಂದ ಅರ್ಥ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಅಲ್ಲಿ ಸಂಶಯದ ಸುಳಿವೇ ಇಲ್ಲ, ಅದು ಜ್ಞಾನದ ಒಂದು ದಾರಿ. ಆದರೆ ಇಂದಿನ ಕನ್ನಡದಲ್ಲಿ 'ಅವರ ಮೇಲೆ ಅನುಮಾನ ಇದೆ' ಎಂದರೆ ಸಂಶಯ ಎಂದೇ ಅರ್ಥ. ಹಾಗಾಗಿ 'ದಿ ಪೊಲೀಸ್ ಇನ್ಫರ್ಡ್ ದಟ್ ಹಿ ಹ್ಯಾಡ್ ಎಸ್ಕೇಪ್ಡ್' ಎಂಬುದನ್ನು 'ಆತ ಪರಾರಿಯಾಗಿರುವ ಬಗ್ಗೆ ಪೊಲೀಸರಿಗೆ ಅನುಮಾನವಿತ್ತು' ಎಂದು ಅನುವಾದಿಸಿದರೆ ಸುದ್ದಿ ಬದಲಾಗುತ್ತದೆ. ಸಾಕ್ಷ್ಯ ನೋಡಿ ಪೊಲೀಸರು ಆ ತೀರ್ಮಾನಕ್ಕೆ ಬಂದರು ಎಂಬುದು ಮೂಲದ ಅರ್ಥ. ಸಂಶಯಕ್ಕೆ ಇಂಗ್ಲಿಷ್‌ನಲ್ಲಿ 'ಸಸ್ಪೆಕ್ಟ್' ಎಂಬ ಬೇರೆ ಪದವಿದೆ.

ಕನ್ನಡದಲ್ಲೇ ಇದಕ್ಕೊಂದು ಒಳ್ಳೆಯ ಕೀಲಿಯೂ ಇದೆ. ಅಂದುಕೊಂಡೆ, ಅರ್ಥಮಾಡಿಕೊಂಡೆ, ಊಹಿಸಿಕೊಂಡೆ ಎನ್ನುವಾಗ ಬರುವ 'ಕೊಳ್ಳು' ಕ್ರಿಯೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬರೆಯುವ ವಾಕ್ಯದಲ್ಲಿ 'ಅರ್ಥಮಾಡಿಕೊಂಡರು' ಎಂಬುದು ಕೂತರೆ ಇಂಗ್ಲಿಷ್‌ನಲ್ಲಿ ಇನ್ಫರ್ ಹಾಕಿ. 'ಸೂಚಿಸಿದರು' ಅಥವಾ 'ಅನ್ನೋ ಥರ ಹೇಳಿದರು' ಎಂಬುದು ಕೂತರೆ ಇಂಪ್ಲೈ ಹಾಕಿ.

ಈ ಎರಡು ತುದಿಗಳ ಚರ್ಚೆ ಭಾರತಕ್ಕೆ ಹೊಸದೂ ಅಲ್ಲ. ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ 'ಧ್ವನ್ಯಾಲೋಕ'ದಲ್ಲಿ ಕಾವ್ಯ ಧ್ವನಿಸುವ ಅರ್ಥವನ್ನು ಎತ್ತಿಹಿಡಿದ. ಅದೇ ನಾಡಿನ ಮಹಿಮಭಟ್ಟ ನಂತರ 'ವ್ಯಕ್ತಿವಿವೇಕ'ದಲ್ಲಿ, ಧ್ವನಿ ಎನ್ನುವುದೆಲ್ಲ ವಾಸ್ತವದಲ್ಲಿ ಅನುಮಾನವೇ ಎಂದು ವಾದಿಸಿದ.

ಅದಲುಬದಲು ಮಾಡುವುದು ಪೂರ್ತಿ ತಪ್ಪೇ?

ಇಲ್ಲೊಂದು ಸ್ವಾರಸ್ಯವಿದೆ. ಇನ್ಫರ್ ಪದವನ್ನು ಇಂಪ್ಲೈ ಅರ್ಥಕ್ಕೆ ಹತ್ತಿರವಾಗಿ ಬಳಸುವುದು ಇಂಗ್ಲಿಷ್‌ನಲ್ಲಿ 16ನೇ ಶತಮಾನದಿಂದಲೂ ಇದೆ. ಸರ್ ಥಾಮಸ್ ಮೋರ್ ಬರಹದಲ್ಲೇ ಎರಡೂ ಬಗೆಯ ಬಳಕೆ ಸಿಗುತ್ತದೆ. ಸುಮಾರು ಮೊದಲ ಮಹಾಯುದ್ಧದ ಕಾಲದವರೆಗೆ ಇದನ್ನು ಯಾರೂ ಹೆಚ್ಚು ಆಕ್ಷೇಪಿಸಿರಲಿಲ್ಲ. ಭಾಷಾ ಕೈಪಿಡಿಗಳು ಇದನ್ನು ತಪ್ಪು ಎಂದು ಸಾರಲು ಶುರುಮಾಡಿದ್ದು ಆಮೇಲೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂದಿಗೂ ಆಡುಮಾತಿನಲ್ಲಿ 'ವಾಟ್ ಆರ್ ಯು ಇನ್ಫರಿಂಗ್?' ಕೇಳಿಬರುತ್ತದೆ. ನಿಘಂಟುಗಳು ಆ ಅರ್ಥವನ್ನು ದಾಖಲಿಸಿಯೂ ಇವೆ.

ಆದರೆ ಮೇಲ್, ವರದಿ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಓದುವವರು ಇದನ್ನು ತಪ್ಪು ಎಂದೇ ಎಣಿಸುವ ಸಾಧ್ಯತೆ ಹೆಚ್ಚು. ಎರಡನ್ನೂ ಬೇರೆಯಾಗಿಯೇ ಬಳಸುವುದು ಕ್ಷೇಮ. ಇನ್ನು ಸುತ್ತುಬಳಸಿ ಬಂದ ಉತ್ತರವನ್ನು ನಂಬಿ ಟಿಕೆಟ್ ರದ್ದು ಮಾಡುವ ಮೊದಲು ಒಂದು ಸಾಲು ಬರೆದು ಕೇಳಬಹುದು: 'ಆ್ಯಮ್ ಐ ರೈಟ್ ಟು ಇನ್ಫರ್ ದಟ್ ದಿ ಲೀವ್ ಈಸ್ ನಾಟ್ ಅಪ್ರೂವ್ಡ್?' ರಜೆ ಇಲ್ಲ ಅಂತ ನಾನು ಅರ್ಥಮಾಡಿಕೊಂಡಿದ್ದು ಸರಿಯೇ ಎಂಬ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ನೇರ ಉತ್ತರ ಕೊಡಬೇಕಾದವರು ಮ್ಯಾನೇಜರ್.