ಇನ್ವರ್ಟರ್‌ಗೆ ಯಾವ ಬ್ಯಾಟರಿ: ಟ್ಯೂಬುಲರೋ, ಲಿಥಿಯಮೋ?

ಮಳೆಗಾಲ ಹತ್ತಿರ ಬಂತೆಂದರೆ ಹಳೆ ಬ್ಯಾಟರಿ ಬದಲಿಸುವ ಮಾತು ನಮ್ಮ ಸದಸ್ಯರ ನಡುವೆ ಶುರುವಾಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಗಾಳಿಗೆ ಒಂದು ಕಂಗು ಲೈನಿನ ಮೇಲೆ ಬಿದ್ದರೆ ಸಾಕು, ಆ ದಿನ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಂಗಡಿಯಲ್ಲಿ ಈಗ ಎರಡು ಬಗೆ ತೋರಿಸುತ್ತಾರೆ. ಒಂದು ನಮಗೆ ರೂಢಿಯಿರುವ, ನೀರು ಹಾಕುವ ಲೆಡ್ ಆ್ಯಸಿಡ್ ಟ್ಯೂಬುಲರ್. ಇನ್ನೊಂದು ಹೆಚ್ಚುಕಡಿಮೆ ಇಮ್ಮಡಿ ಬೆಲೆಯ ಲಿಥಿಯಂ ಐರನ್ ಫಾಸ್ಫೇಟ್.

ಮೊದಲು ಬೇಕಾದದ್ದು ಎಷ್ಟೆಂದು ನೋಡೋಣ. ಮೂರು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ಒಂದು ವೈಫೈ ಪೆಟ್ಟಿಗೆ ಸೇರಿ ಸುಮಾರು 250 ವಾಟ್. ಇನ್ವರ್ಟರ್ ತನ್ನೊಳಗೆ ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ 300 ವಾಟ್ ಹೋಗುತ್ತದೆ. ಮೂರು ಗಂಟೆಗೆ 900 ವಾಟ್ ಅವರ್, ಅಂದರೆ ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ.

12 ವೋಲ್ಟಿನ 150 ಆಂಪಿಯರ್ ಅವರ್ ಟ್ಯೂಬುಲರ್‌ನಲ್ಲಿ ಲೆಕ್ಕಕ್ಕೆ 1800 ವಾಟ್ ಅವರ್ ಇದೆ. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ನಮಗೆ ಸಿಗುವುದು 900. ಲಿಥಿಯಂ ಬ್ಯಾಟರಿಯಲ್ಲಿ ನೂರರಲ್ಲಿ 80 ಪಾಲು ಧೈರ್ಯವಾಗಿ ತೆಗೆಯಬಹುದು. 12.8 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ 1000ಕ್ಕೂ ಸ್ವಲ್ಪ ಹೆಚ್ಚು ಕೊಡುತ್ತದೆ. ಅಂದರೆ 150ರ ಟ್ಯೂಬುಲರ್ ಮಾಡುವ ಕೆಲಸಕ್ಕೆ 100ರ ಲಿಥಿಯಂ ಸಾಕು. ಅಂಗಡಿಯಲ್ಲಿ 150ಕ್ಕೆ 150 ಇಟ್ಟು ಬೆಲೆ ಹೋಲಿಸುವುದು ಸರಿಯಲ್ಲ.

ಇನ್ನು ಹಣದ ಲೆಕ್ಕ. ಟ್ಯೂಬುಲರ್‌ಗೆ 16,000 ರೂಪಾಯಿ ಮತ್ತು 1200 ಸಲದ ಬಳಕೆ, ಲಿಥಿಯಂಗೆ 32,000 ರೂಪಾಯಿ ಮತ್ತು 3000 ಸಲದ ಬಳಕೆ ಎಂದಿಟ್ಟುಕೊಳ್ಳೋಣ. ನಿಮಗೆ ಅಂಗಡಿಯವರು ಹೇಳಿದ ದರವನ್ನೂ ಕಂಪೆನಿಯ ಕಾಗದದಲ್ಲಿರುವ ಸೈಕಲ್ ಸಂಖ್ಯೆಯನ್ನೂ ಈ ಜಾಗದಲ್ಲಿ ಹಾಕಿ ನೋಡಿ. ಒಂದು ಸಲ ಖಾಲಿಮಾಡಿ ತುಂಬಿಸಲು ಟ್ಯೂಬುಲರ್‌ಗೆ 13 ರೂಪಾಯಿ, ಲಿಥಿಯಂಗೆ 10 ರೂಪಾಯಿ ಚಿಲ್ಲರೆ ಬೀಳುತ್ತದೆ. ಮಾರುವವರು ತೋರಿಸುವ ಲೆಕ್ಕ ಇದೇ.

ಆದರೆ ಕರೆಂಟು ಹೋದಾಗ ಮಾತ್ರ ಬಳಸುವ ಮನೆಗೆ ಇದು ಹೊಂದುವುದಿಲ್ಲ. ವರ್ಷಕ್ಕೆ 120 ಸಲ ಬಳಸಿದರೆ 3000 ಸೈಕಲ್ ಮುಗಿಯಲು 25 ವರ್ಷ ಬೇಕು. ಅಷ್ಟು ಕಾಲ ಅದರೊಳಗಿನ ಸರ್ಕೀಟೂ ಸೆಲ್ಲುಗಳೂ ಬಾಳುತ್ತವೆಂದು ನಂಬಿ ಹಣ ಹಾಕಲಾಗದು. ಲಿಥಿಯಂಗೆ ಹತ್ತು ವರ್ಷ, ಟ್ಯೂಬುಲರ್‌ಗೆ ಐದು ವರ್ಷ ಹಿಡಿದರೆ ಎರಡಕ್ಕೂ ಸಲಕ್ಕೆ ಸುಮಾರು 27 ರೂಪಾಯಿ. ಸಮಸಮ! ಹಳೆ ಸೀಸಕ್ಕೆ ಗುಜರಿ ಬೆಲೆಯೂ ಸಿಗುವುದರಿಂದ ಟ್ಯೂಬುಲರ್ ಒಂದು ಕೂದಲು ಮುಂದೆ ಎನ್ನಬಹುದು.

ಈ ಸಮವನ್ನು ಮುರಿಯುವುದು ನಮ್ಮ ಜೂನ್, ಜುಲೈ. ಅರ್ಧ ಇಳಿದ ಟ್ಯೂಬುಲರ್ ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕು. ಕೊನೆಯ ಪಾಲು ತುಂಬಾ ನಿಧಾನ. ಎರಡು ಗಂಟೆ ಕರೆಂಟು ಬಂದು ಮತ್ತೆ ಹೋಗುವ ದಿನಗಳಲ್ಲಿ ಅದು ವಾರಗಟ್ಟಲೆ ಅರೆಹೊಟ್ಟೆಯಲ್ಲೇ ಇರುತ್ತದೆ. ಆಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ, ಆಮೇಲೆ ಕರಗುವುದಿಲ್ಲ. ಇನ್ವರ್ಟರ್ ಫುಲ್ ಎಂದು ತೋರಿಸುತ್ತದೆ, ಕರೆಂಟು ಹೋದ ಅರ್ಧ ಗಂಟೆಯಲ್ಲಿ ಕೂಗತೊಡಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಹೈಡ್ರೋಮೀಟರ್ ಹಾಕಿದರೆ ಟ್ಯೂಬುಲರ್‌ನಲ್ಲಿ 1240ರ ಹತ್ತಿರ ನಿಲ್ಲಬೇಕು. ಎಲ್ಲ ಸೆಲ್ಲಿನಲ್ಲೂ ತೀರ ಕಡಿಮೆ ಇದ್ದರೆ ಕಾರಣ ಹೆಚ್ಚಾಗಿ ಇದೇ. ಹೀಗೆ ಮೂರೇ ವರ್ಷಕ್ಕೆ ಹೋದರೆ ಸಲಕ್ಕೆ 44 ರೂಪಾಯಿ ಆಯಿತು. ಲಿಥಿಯಂಗೆ ಅರ್ಧ ತುಂಬಿ ನಿಲ್ಲುವುದರಿಂದ ಹಾನಿಯಿಲ್ಲ. ಸಿಕ್ಕಿದಷ್ಟು ಹೊತ್ತು ತುಂಬಿಕೊಳ್ಳುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯ ಹೀಗೆ: ಪೇಟೆಯ ಒಳಗೆ, ಕರೆಂಟು ಅಪರೂಪಕ್ಕೆ ಹೋಗುವ ಮನೆಗೆ ಟ್ಯೂಬುಲರ್ ಸಾಕು. ಒಳನಾಡಿನಲ್ಲಿ ತೋಟದ ನಡುವಿನ ಮನೆಗೆ, ಅಥವಾ ಸೋಲಾರ್ ವಿದ್ಯುತ್ತನ್ನು ದಿನಾ ರಾತ್ರಿಗೆ ಉಳಿಸುವವರಿಗೆ ಲಿಥಿಯಂ ಒಳ್ಳೆಯದು. ದಿನಾ ಬಳಸಿದರೆ 1200 ಸೈಕಲ್ ಮೂರು ವರ್ಷ ಚಿಲ್ಲರೆಯಲ್ಲಿ ತೀರುತ್ತದೆ, 3000 ಎಂಟು ವರ್ಷ ಬರುತ್ತದೆ. (ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್ ಇರುವವರು ನೆನಪಿಡಿ: ಲೈನಿನಲ್ಲಿ ಕೆಲಸ ಮಾಡುವವರ ರಕ್ಷಣೆಗಾಗಿ, ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ.)

ಲಿಥಿಯಂ ಕೊಳ್ಳುವ ಮೊದಲು ಈಗಿರುವ ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಕೇಳಿ. ಚಾರ್ಜಿಂಗ್ ವೋಲ್ಟೇಜ್ 14.6 ದಾಟಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕೀಟು ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ. ಇನ್ವರ್ಟರ್ ಬದಲಿಸಬೇಕಾದರೆ ಆ ಖರ್ಚನ್ನೂ 32,000ಕ್ಕೆ ಸೇರಿಸಿ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಹಳೆ ಟ್ಯೂಬುಲರ್ ಜೊತೆಗೆ ಹೊಸ ಲಿಥಿಯಂ ಜೋಡಿಸುವ ಉಳಿತಾಯಕ್ಕಂತೂ ಯಾರೂ ಹೋಗಬೇಡಿ.